ಬ್ರಶ್ ಮಾಡುವಾಗ ವಸಡಿನಲ್ಲಿ ರಕ್ತ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಹಲ್ಲುಜ್ಜಿ ಉಗುಳಿದರೆ ನೊರೆ ಕೆಂಪಗಿರುತ್ತದೆ. ಗಾಬರಿ ಆಗಬೇಕಾ?

ಗಾಬರಿ ಬೇಡ, ಆದರೆ ಸುಮ್ನೆ ಬಿಡುವ ವಿಷಯವೂ ಅಲ್ಲ. ಆರೋಗ್ಯವಾಗಿರುವ ವಸಡು ಮೆತ್ತನೆಯ ಬ್ರಶ್ ತಾಗಿದ ಮಾತ್ರಕ್ಕೆ ರಕ್ತ ಸುರಿಸುವುದಿಲ್ಲ. ರಕ್ತ ಬಂತೆಂದರೆ ಅಲ್ಲಿ ಊತ ಇದೆ ಎಂದರ್ಥ. ಹೆಚ್ಚಿನವರಲ್ಲಿ ಈ ಊತಕ್ಕೆ ಕಾರಣ ಒಂದೇ. ಹಲ್ಲು ಮತ್ತು ವಸಡು ಸೇರುವ ಗೆರೆಯಲ್ಲಿ ಪ್ಲೇಕ್ ಕೂತಿರುತ್ತದೆ, ದಿನಾ ಉಜ್ಜಿದರೂ ಬ್ರಶ್ ಆ ಗೆರೆಯನ್ನು ಮುಟ್ಟಿರುವುದಿಲ್ಲ. ಇದನ್ನು ಮನೆಯಲ್ಲೇ ಸರಿಮಾಡಿಕೊಳ್ಳಬಹುದು. ಕೆಲವರಲ್ಲಿ ಮಾತ್ರ ಕಾರಣ ಬೇರೆ ಇರುತ್ತದೆ, ಅದನ್ನು ಗುರುತಿಸುವ ಬಗೆಯನ್ನು ಕೆಳಗೆ ಬರೆದಿದ್ದೇನೆ.

ಪ್ಲೇಕ್ ಅಂದರೆ ಊಟದ ಚೂರುಗಳಾ?

ಅಲ್ಲ. ಊಟದ ಚೂರು ಬಾಯಿ ಮುಕ್ಕಳಿಸಿದರೆ ಹೋಗುತ್ತದೆ, ಪ್ಲೇಕ್ ಹೋಗುವುದಿಲ್ಲ. ಅದು ಬ್ಯಾಕ್ಟೀರಿಯಾಗಳು ಗುಂಪುಗೂಡಿ ಹಲ್ಲಿಗೆ ಅಂಟಿಕೊಂಡಿರುವ ತೆಳು ಪದರ. ಹಲ್ಲಿನ ಬಣ್ಣದ್ದೇ ಆಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ನೋಡಬೇಕೆಂದರೆ ಉಜ್ಜುವ ಮೊದಲು ಹಿಂದಿನ ಹಲ್ಲಿನ ಬುಡವನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಉಗುರಿಗೆ ಬಿಳಿ-ಹಳದಿ ಬಣ್ಣದ ಮೆತ್ತನೆ ಲೋಳೆ ಹತ್ತಿಕೊಳ್ಳುತ್ತದೆ, ಅಲ್ವಾ? ಅದೇ ಪ್ಲೇಕ್.

ಉಜ್ಜಿದ ಕೆಲವೇ ಗಂಟೆಯಲ್ಲಿ ಅದು ಮತ್ತೆ ಕೂರಲು ಶುರುವಾಗುತ್ತದೆ. ದಿನಾ ತೆಗೆಯುತ್ತಿದ್ದರೆ ತೊಂದರೆ ಇಲ್ಲ. ತೆಗೆಯದೆ ಬಿಟ್ಟ ಕಡೆ ಪದರ ದಪ್ಪವಾಗುತ್ತದೆ, ಒಳಗಿನ ಬ್ಯಾಕ್ಟೀರಿಯಾಗಳ ಜಾತಿಯೂ ಬದಲಾಗುತ್ತದೆ. ಅವು ಬಿಡುವ ವಿಷವಸ್ತುಗಳು ವಸಡಿಗೆ ಇಳಿಯುತ್ತವೆ. ಅವುಗಳನ್ನು ಎದುರಿಸಲು ದೇಹ ಅಲ್ಲಿಗೆ ಜಾಸ್ತಿ ರಕ್ತ ಕಳಿಸುತ್ತದೆ. ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ವಸಡಿನ ಒಳಬದಿಯ ಚರ್ಮ ತೆಳುವಾಗಿ ಅಲ್ಲಲ್ಲಿ ಬಿರಿಯುತ್ತದೆ. ಹಾಗಾಗಿ ಬ್ರಶ್ ಸ್ವಲ್ಪ ತಾಗಿದರೂ ರಕ್ತ ಜಿನುಗುತ್ತದೆ. ಈ ಹಂತಕ್ಕೆ ಜಿಂಜಿವೈಟಿಸ್ ಎನ್ನುತ್ತಾರೆ. ಸಾಮಾನ್ಯವಾಗಿ ನೋವಿರುವುದಿಲ್ಲ. ನೋವಿಲ್ಲ ಎಂಬ ಕಾರಣಕ್ಕೇ ಜನ ವರ್ಷಗಟ್ಟಲೆ ಮುಂದೂಡುತ್ತಾರೆ.

ಪ್ಲೇಕ್‌ನಿಂದಲೇ ಹೀಗಾಗುತ್ತದೆ ಎಂದು ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ?

ಇದನ್ನು ಮನುಷ್ಯರ ಮೇಲೆಯೇ ಮಾಡಿ ನೋಡಿದ್ದಾರೆ. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಅವರ ಸಂಗಡಿಗರು ವಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಲು ಹೇಳಿದರು. 10ರಿಂದ 21 ದಿನದೊಳಗೆ ಎಲ್ಲರಿಗೂ ವಸಡು ಊದಿಕೊಂಡಿತು. ಕೆಲವರಿಗೆ ಬೇಗ, ಕೆಲವರಿಗೆ ತಡವಾಗಿ, ಆದರೆ ಯಾರೂ ತಪ್ಪಿಸಿಕೊಳ್ಳಲಿಲ್ಲ. ಆಮೇಲೆ ಮತ್ತೆ ಚೆನ್ನಾಗಿ ಉಜ್ಜಲು ಶುರುಮಾಡಿದರು. ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. ಮಾತ್ರೆ ಇಲ್ಲ, ಔಷಧಿ ಇಲ್ಲ, ಪ್ಲೇಕ್ ತೆಗೆದದ್ದಷ್ಟೇ.

ಮುಂದೆ ಹೇಳುವುದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ. ಕಾರಣ ಪ್ಲೇಕ್ ಒಂದೇ ಆಗಿದ್ದರೆ, ಅದನ್ನು ದಿನಾ ತೆಗೆದಾಗ ಒಂದೆರಡು ವಾರದಲ್ಲಿ ರಕ್ತ ನಿಲ್ಲಬೇಕು. ನಿಲ್ಲದಿದ್ದರೆ ಎರಡರಲ್ಲಿ ಒಂದು: ಬ್ರಶ್‌ಗೆ ಸಿಗದ ಕಡೆ ಏನೋ ಇದೆ, ಇಲ್ಲವೇ ಕಾರಣ ಬೇರೆ ಇದೆ.

ರಕ್ತ ಬರುವ ಜಾಗಕ್ಕೆ ನಾಲ್ಕು ದಿನ ಬ್ರಶ್ ತಾಗಿಸದೆ ಬಿಟ್ಟರೆ ಗಾಯ ಮಾಗುವುದಿಲ್ವಾ?

ಎಲ್ಲರೂ ಮಾಡುವುದು ಇದನ್ನೇ, ತೊಂದರೆ ಜಾಸ್ತಿ ಆಗುವುದೂ ಇದರಿಂದಲೇ. ಕೈಗೆ ಗಾಯವಾದರೆ ಮುಟ್ಟದೆ ಬಿಡುತ್ತೇವೆ, ಮಾಗುತ್ತದೆ. ವಸಡಿನಲ್ಲಿ ಹಾಗಲ್ಲ. ಅಲ್ಲಿ ಗಾಯ ಮಾಡುತ್ತಿರುವ ವಸ್ತು ಪಕ್ಕದಲ್ಲೇ ಅಂಟಿಕೊಂಡಿದೆ. ಬ್ರಶ್ ಬಿಟ್ಟಷ್ಟೂ ಅದು ಬೆಳೆಯುತ್ತದೆ, ಊತ ಏರುತ್ತದೆ, ಮುಂದಿನ ಸಲ ತಾಗಿದಾಗ ಇನ್ನೂ ಜಾಸ್ತಿ ರಕ್ತ ಬರುತ್ತದೆ. ಹೆದರಿ ಮತ್ತೆ ಬಿಡುತ್ತೀರಿ.

ರಕ್ತ ಬಂದ ಕಡೆಗೇ ಬ್ರಶ್ ಹೋಗಬೇಕು. ಆದರೆ ಮೆತ್ತನೆ ಬ್ರಶ್, ಹಗುರ ಕೈ. ಮೊದಲ ಮೂರು-ನಾಲ್ಕು ದಿನ ರಕ್ತ ಹಾಗೇ ಬರುತ್ತದೆ, ಒಂದೊಂದು ದಿನ ಸ್ವಲ್ಪ ಜಾಸ್ತಿಯೂ ಅನ್ನಿಸಬಹುದು. ಅಲ್ಲಿ ನಿಲ್ಲಿಸಬೇಡಿ. ಐದು-ಆರನೇ ದಿನದ ಹೊತ್ತಿಗೆ ಸಾಮಾನ್ಯವಾಗಿ ಕಡಿಮೆಯಾಗುತ್ತಾ ಬರುತ್ತದೆ.

ಹಾಗಾದರೆ ಸರಿಯಾಗಿ ಉಜ್ಜುವುದು ಹೇಗೆ?

ನಮ್ಮಲ್ಲಿ ಹೆಚ್ಚಿನವರು ಉಜ್ಜುವುದು ಅಡ್ಡಡ್ಡ, ಗರಗಸ ಎಳೆದ ಹಾಗೆ. ಇದರಲ್ಲಿ ಹಲ್ಲಿನ ಉಬ್ಬಿದ ಹೊಟ್ಟೆ ಮಾತ್ರ ಸ್ವಚ್ಛವಾಗುತ್ತದೆ. ಬುಡದ ಗೆರೆ ಸ್ವಲ್ಪ ಒಳಕ್ಕಿರುವುದರಿಂದ ಬ್ರಶ್ ಅದರ ಮೇಲೆ ಹಾರಿಕೊಂಡು ಹೋಗುತ್ತದೆ. ವಸಡಿನ ಕಾಯಿಲೆ ಶುರುವಾಗುವುದು ಆ ಗೆರೆಯಲ್ಲೇ.

ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿದ್ದ ವೈದ್ಯ ಚಾರ್ಲ್ಸ್ ಬ್ಯಾಸ್ ಹೇಳಿಕೊಟ್ಟ ವಿಧಾನವನ್ನು ದಂತವೈದ್ಯರು ಇವತ್ತಿಗೂ ಕಲಿಸುತ್ತಾರೆ. ಬ್ರಶ್‌ನ ಎಳೆಗಳು ಅರ್ಧ ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿನ ಮೇಲೆ ಬರುವಂತೆ ಇಡಿ. ಬ್ರಶ್ ನೆಟ್ಟಗಿರಬಾರದು, ವಸಡಿನ ಕಡೆಗೆ ಓರೆಯಾಗಿರಬೇಕು, ಸುಮಾರು 45 ಡಿಗ್ರಿ. ಅಂದರೆ ಮೇಲಿನ ಹಲ್ಲಿಗೆ ಎಳೆಗಳು ಮೇಲ್ಮುಖ, ಕೆಳಗಿನ ಹಲ್ಲಿಗೆ ಕೆಳಮುಖ. ಈಗ ಎಳೆಗಳ ತುದಿ ಹಲ್ಲು-ವಸಡಿನ ನಡುವಿನ ಸಂದಿಗೆ ಸ್ವಲ್ಪ ಇಳಿಯುತ್ತದೆ. ಬ್ರಶ್ ಅಲ್ಲೇ ಇರಲಿ, ಜಾರಬಾರದು. ಇದ್ದಲ್ಲೇ ಸಣ್ಣಗೆ ನಡುಗಿಸಿ, ಹತ್ತು-ಹದಿನೈದು ಸಲ. ಆಮೇಲೆ ಮಣಿಕಟ್ಟು ತಿರುಗಿಸಿ ಬ್ರಶ್ಶನ್ನು ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಸವರಿ. ಒಂದು ಸಲಕ್ಕೆ ಎರಡು ಅಥವಾ ಮೂರು ಹಲ್ಲು ಸಿಗುತ್ತವೆ. ಅಷ್ಟು ಮುಗಿದ ಮೇಲೆ ಪಕ್ಕಕ್ಕೆ ಸರಿಯಿರಿ, ಹಿಂದಿನದಕ್ಕೆ ಸ್ವಲ್ಪ ತಾಗಿಕೊಂಡೇ ಇರಲಿ.

ಮುಂದಿನ ಹಲ್ಲುಗಳ ಒಳಭಾಗಕ್ಕೆ ಬ್ರಶ್ ಅಡ್ಡ ಹಿಡಿದರೆ ಹಿಡಿಸುವುದಿಲ್ಲ. ಅಲ್ಲಿ ಬ್ರಶ್ಶನ್ನು ಉದ್ದಕ್ಕೆ ನಿಲ್ಲಿಸಿ, ತುದಿಯ ಎಳೆಗಳಿಂದ ಒಂದೊಂದೇ ಹಲ್ಲು ಉಜ್ಜಿ.

ಬ್ರಶ್ಶನ್ನು ಮುಷ್ಟಿಯಲ್ಲಿ ಹಿಡಿಯಬೇಡಿ, ಪೆನ್ನಿನ ಹಾಗೆ ಬೆರಳ ತುದಿಯಲ್ಲಿ ಹಿಡಿಯಿರಿ. ಆಗ ಬೇಕೆಂದರೂ ಜಾಸ್ತಿ ಒತ್ತಲು ಆಗುವುದಿಲ್ಲ. ಒಟ್ಟು ಎರಡು ನಿಮಿಷ, ದಿನಕ್ಕೆ ಎರಡು ಸಲ. ಮೊದಲ ವಾರ ಎರಡು ನಿಮಿಷ ಸಾಲದು, ಕೈಗೆ ಅಭ್ಯಾಸವಾಗುವ ತನಕ ನಾಲ್ಕೈದು ನಿಮಿಷ ಹಿಡಿಯುತ್ತದೆ. ಪರವಾಗಿಲ್ಲ.

ಎಲ್ಲಾ ಕಡೆ ಉಜ್ಜುತ್ತೇನೆ, ಆದರೂ ಕೆಲವೇ ಕಡೆ ರಕ್ತ ಬರುತ್ತದಲ್ಲ?

ಅಲ್ಲಿಗೆ ಬ್ರಶ್ ಹೋಗುತ್ತಿಲ್ಲ ಎಂದೇ ಮೊದಲು ಅನುಮಾನಿಸಿ. ಎಲ್ಲರೂ ಮರೆಯುವ ಜಾಗ ಕೆಳದವಡೆ ಹಲ್ಲುಗಳ ಒಳಭಾಗ, ನಾಲಿಗೆಯ ಪಕ್ಕ. ನಾಲಿಗೆ ಅಡ್ಡ ಬರುತ್ತದೆ, ವಾಕರಿಕೆ ಬಂದಂತಾಗುತ್ತದೆ, ಬೇಗ ಮುಗಿಸಿಬಿಡುತ್ತೇವೆ. ಎರಡನೆಯದು ಮೇಲಿನ ಕಡೇ ದವಡೆಹಲ್ಲಿನ ಹೊರಭಾಗ. ಬಾಯಿ ದೊಡ್ಡದಾಗಿ ತೆರೆದರೆ ಕೆನ್ನೆ ಬಿಗಿಯಾಗಿ ಬ್ರಶ್ ಒಳಗೆ ಹೋಗುವುದೇ ಇಲ್ಲ. ಅಲ್ಲಿ ಬಾಯಿ ಅರ್ಧ ಮುಚ್ಚಿಕೊಂಡು ಉಜ್ಜಬೇಕು. ಮೂರನೆಯದು ಕೋರೆಹಲ್ಲಿನ ತಿರುವು. ಬಲಗೈಯವರು ಬಲಬದಿಯ ಕೋರೆಹಲ್ಲಿನ ಹತ್ತಿರ ಕೈ ತಿರುಗಿಸುವಾಗ ಒಂದೆರಡು ಹಲ್ಲು ಬಿಟ್ಟುಹೋಗುತ್ತವೆ.

ಇದಕ್ಕೆ ಉಪಾಯ ಸುಲಭ. ಬಿಟ್ಟುಹೋಗುವ ಜಾಗದಿಂದಲೇ ಉಜ್ಜಲು ಶುರುಮಾಡಿ. ಮುಂದಿನ ಹಲ್ಲನ್ನು ಕೊನೆಗಿಟ್ಟುಕೊಂಡರೂ ನಷ್ಟವಿಲ್ಲ, ಅದನ್ನು ಯಾರೂ ಮರೆಯುವುದಿಲ್ಲ.

ಹಲ್ಲುಗಳ ಸಂದಿಯನ್ನು ಬೇರೆಯಾಗಿ ಸ್ವಚ್ಛ ಮಾಡಲೇಬೇಕಾ?

ಮಾಡಬೇಕು. ಎಷ್ಟು ಚೆನ್ನಾಗಿ ಉಜ್ಜಿದರೂ ಎರಡು ಹಲ್ಲುಗಳ ನಡುವಿನ ಸಂದಿಗೆ ಬ್ರಶ್ ಇಳಿಯುವುದಿಲ್ಲ. ಎರಡು ಹಲ್ಲಿನ ಮಧ್ಯೆ ಇರುವ ತ್ರಿಕೋನಾಕಾರದ ವಸಡಿನಲ್ಲೇ ರಕ್ತ ಮೊದಲು ಕಾಣಿಸಿಕೊಳ್ಳುವುದು. ಹಲ್ಲುಗಳು ಒತ್ತೊತ್ತಾಗಿದ್ದರೆ ಫ್ಲಾಸ್ ದಾರ ಬಳಸಿ. ಸಂದಿ ಸ್ವಲ್ಪ ಬಿಟ್ಟಿದ್ದರೆ, ಮುಖ್ಯವಾಗಿ ನಲವತ್ತು ದಾಟಿದವರಿಗೆ, ಸಂದಿಗೆ ಹಾಕುವ ಪುಟ್ಟ ಬ್ರಶ್ ದಾರಕ್ಕಿಂತ ಒಳ್ಳೆಯದು. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಬೇರೆ ಬೇರೆ ಸೈಜಿನಲ್ಲಿ ಬರುತ್ತದೆ. ಸ್ವಲ್ಪ ಬಿಗಿಯಾಗಿ ಹೋಗಬೇಕು, ಆದರೆ ಬಲವಂತವಾಗಿ ತುರುಕಬಾರದು.

ದಾರ ಬಳಸುವವರು ಅದನ್ನು ಟಕ್ ಎಂದು ವಸಡಿಗೆ ಕುಟ್ಟಬಾರದು. ಹಿಂದೆ ಮುಂದೆ ಆಡಿಸುತ್ತಾ ಇಳಿಸಿ, ಒಂದು ಹಲ್ಲಿಗೆ ಸುತ್ತು ಹಾಕಿದಂತೆ ಬಾಗಿಸಿ, ಮೇಲೆ ಕೆಳಗೆ ಸವರಿ. ಆಮೇಲೆ ಪಕ್ಕದ ಹಲ್ಲಿಗೂ ಹಾಗೇ ಮಾಡಿ. ದಿನಕ್ಕೆ ಒಮ್ಮೆ ಸಾಕು, ರಾತ್ರಿ ಮಲಗುವ ಮುಂಚೆ.

ಊಟವಾದ ಮೇಲೆ ಕಡ್ಡಿಯಿಂದ ಚುಚ್ಚುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಸೇಫ್ಟಿ ಪಿನ್ ಬಳಸುವವರೂ ಇದ್ದಾರೆ. ಇದರಿಂದ ಚೂರು ಹೊರಬರಬಹುದು, ಆದರೆ ಪ್ಲೇಕ್ ಹೋಗುವುದಿಲ್ಲ, ಸಂದಿಯ ವಸಡಿಗೆ ಪೆಟ್ಟು ಬೀಳುತ್ತದೆ. ದಯವಿಟ್ಟು ಬಿಡಿ.

ಯಾವ ಬ್ರಶ್, ಯಾವ ಪೇಸ್ಟ್? ಹಲ್ಲುಪುಡಿ ಆಗುತ್ತದಾ?

ಬ್ರಶ್ ಸಾಫ್ಟ್ ಇರಲಿ, ತಲೆ ಚಿಕ್ಕದಿರಲಿ. ಗಟ್ಟಿ ಬ್ರಶ್‌ನಲ್ಲಿ ಜೋರಾಗಿ ತಿಕ್ಕಿದರೆ ವಸಡು ಕೆಳಗೆ ಸರಿಯುತ್ತದೆ, ಹಲ್ಲಿನ ಬುಡದಲ್ಲಿ ಕೊಡಲಿ ಏಟಿನಂಥ ಕಚ್ಚು ಬೀಳುತ್ತದೆ, ತಣ್ಣೀರು ಕುಡಿದರೆ ಜುಂ ಎನ್ನುತ್ತದೆ. ಮೂರು ತಿಂಗಳಿಗೊಮ್ಮೆ ಬದಲಿಸಿ. ಮೂರು ವಾರಕ್ಕೇ ಎಳೆಗಳು ಹೊರಕ್ಕೆ ಬಾಗಿದ್ದರೆ ನೀವು ಒತ್ತುವುದು ಜಾಸ್ತಿ.

ಪೇಸ್ಟ್ ಯಾವ ಕಂಪನಿಯದ್ದಾದರೂ ಸರಿ, ಫ್ಲೋರೈಡ್ ಇದ್ದರೆ ಹುಳುಕಿನಿಂದ ರಕ್ಷಣೆ ಸಿಗುತ್ತದೆ. ದೊಡ್ಡವರಿಗೆ ಬಟಾಣಿ ಕಾಳಿನಷ್ಟು ಸಾಕು. ಆದರೆ ವಸಡನ್ನು ಉಳಿಸುವುದು ಪೇಸ್ಟ್ ಅಲ್ಲ, ಎಳೆಗಳು ಗೆರೆಗೆ ತಾಗುವುದು. ಒರಟು ಹಲ್ಲುಪುಡಿ, ಇದ್ದಿಲು, ಇಟ್ಟಿಗೆ ಪುಡಿ, ಉಪ್ಪಿನ ಹರಳು ಬೆರಳಿಗೆ ಹಾಕಿ ತಿಕ್ಕಿದರೆ ಹಲ್ಲು ಸವೆಯುತ್ತದೆ, ಸಂದಿ ಹಾಗೇ ಉಳಿಯುತ್ತದೆ. ಹೊಗೆಸೊಪ್ಪು ಸೇರಿದ ಪುಡಿ ಹಾಕುವವರಂತೂ ಇವತ್ತೇ ಬಿಡಬೇಕು, ಅದರಿಂದ ಬಾಯಿ ಕ್ಯಾನ್ಸರ್ ಬರುತ್ತದೆ. ಬೇವಿನ ಕಡ್ಡಿಯ ತುದಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಂಡರೆ ಹೊರಭಾಗ ಸ್ವಚ್ಛವಾಗುತ್ತದೆ, ಒಳಭಾಗಕ್ಕೆ ಅದನ್ನು ತಿರುಗಿಸುವುದು ಕಷ್ಟ.

ಉಪ್ಪುನೀರು, ಎಣ್ಣೆ ಮುಕ್ಕಳಿಸುವುದು, ಮೌತ್‌ವಾಶ್?

ಬಿಸಿ ಉಪ್ಪುನೀರು ಊತಕ್ಕೆ ಸ್ವಲ್ಪ ಹಿತ ಕೊಡುತ್ತದೆ. ಮುಕ್ಕಳಿಸಿ, ತಪ್ಪಿಲ್ಲ. ಎಣ್ಣೆಯೂ ಅಷ್ಟೇ. ಇವೆರಡೂ ಬ್ರಶ್‌ನ ಜಾಗ ತುಂಬುವುದಿಲ್ಲ.

ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್‌ಗೆ ಪ್ಲೇಕ್ ತಡೆಯುವ ಶಕ್ತಿ ನಿಜವಾಗಿಯೂ ಇದೆ. ಆದರೆ ಅದನ್ನು ವೈದ್ಯರು ಹೇಳಿದಾಗ ಒಂದೆರಡು ವಾರ ಬಳಸಬೇಕು. ವಾರಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಕಲೆ ಕೂರುತ್ತದೆ, ನಾಲಿಗೆಗೆ ರುಚಿ ಕೆಡುತ್ತದೆ. ಪೇಸ್ಟ್ ಹಾಕಿ ಉಜ್ಜಿದ ತಕ್ಷಣ ಬಳಸಿದರೆ ಅದರ ಬಲ ಕುಗ್ಗುತ್ತದೆ, ಅರ್ಧ ಗಂಟೆ ಬಿಟ್ಟು ಮುಕ್ಕಳಿಸಿ. ಮತ್ತೊಂದು ಮಾತು, ಇದು ಈಗಾಗಲೇ ದಪ್ಪವಾಗಿ ಕೂತ ಪದರದೊಳಗೆ ಹೋಗುವುದಿಲ್ಲ. ಹಾಗಾಗಿ ಉಜ್ಜದೆ ಬರೀ ಮುಕ್ಕಳಿಸಿದರೆ ದುಡ್ಡು ದಂಡ.

ಎರಡು ವಾರ ಸರಿಯಾಗಿ ಉಜ್ಜಿದೆ, ಮುಕ್ಕಾಲು ಪಾಲು ನಿಂತಿತು, ಒಂದು ಕಡೆ ಮಾತ್ರ ನಿಲ್ಲಲಿಲ್ಲ. ಈಗೇನು?

ಉದಾಹರಣೆಗೆ ಒಬ್ಬ ಶಾಲಾ ಮೇಷ್ಟ್ರನ್ನು ತೆಗೆದುಕೊಳ್ಳೋಣ. ವಯಸ್ಸು 38. ಬಿಪಿ ಇಲ್ಲ, ಶುಗರ್ ಇಲ್ಲ, ತಂಬಾಕು ಇಲ್ಲ. ಆರು ತಿಂಗಳಿಂದ ಬೆಳಿಗ್ಗೆ ಉಗುಳಿದರೆ ಕೆಂಪು. ಮೀಡಿಯಂ ಬ್ರಶ್, ಅಡ್ಡ ಉಜ್ಜುವುದು, ದಿನಕ್ಕೆ ಒಂದೇ ಸಲ. ರಕ್ತ ಬರುವುದು ಎರಡು ಕಡೆ: ಕೆಳಗಿನ ಮುಂದಿನ ಹಲ್ಲುಗಳ ಒಳಭಾಗ, ಮತ್ತೆ ಬಲಗಡೆಯ ದವಡೆಹಲ್ಲುಗಳ ಸಂದಿ.

ಅವರು ಸಾಫ್ಟ್ ಬ್ರಶ್ ತಂದು ಬೆಳಿಗ್ಗೆ, ರಾತ್ರಿ ಓರೆ ಹಿಡಿದು ಉಜ್ಜಲು ಶುರುಮಾಡುತ್ತಾರೆ, ರಾತ್ರಿ ಸಂದಿಗೆ ಪುಟ್ಟ ಬ್ರಶ್ ಹಾಕುತ್ತಾರೆ. ಮೂರನೇ ದಿನ ಸಂದಿಯಲ್ಲಿ ಮೊದಲಿಗಿಂತ ಜಾಸ್ತಿ ರಕ್ತ. ಬಿಡದೆ ಮುಂದುವರಿಸುತ್ತಾರೆ. ಎಂಟನೇ ದಿನ ಪುಟ್ಟ ಬ್ರಶ್ ಬಿಳಿಯಾಗಿಯೇ ಹೊರಬರುತ್ತದೆ. ಎರಡನೇ ವಾರದ ಕೊನೆಗೆ ದವಡೆ ಸಂದಿ ಪೂರ್ತಿ ಶಾಂತ. ಕೆಳಗಿನ ಮುಂದಿನ ಹಲ್ಲುಗಳ ಒಳಭಾಗದಲ್ಲಿ ಮಾತ್ರ ದಿನಾ ಚೂರು ರಕ್ತ ಉಳಿಯುತ್ತದೆ. ನಾಲಿಗೆ ಆಡಿಸಿದರೆ ಒರಟಾಗಿ, ಕಲ್ಲಿನಂತೆ ತಾಗುತ್ತದೆ.

ಉತ್ತರ ಆ ಒರಟಿನಲ್ಲಿದೆ. ತೆಗೆಯದೆ ಬಿಟ್ಟ ಪ್ಲೇಕ್‌ಗೆ ಜೊಲ್ಲಿನ ಸುಣ್ಣದಂಶ ಸೇರಿ ಗಟ್ಟಿಯಾಗುತ್ತದೆ. ಇದೇ ಟಾರ್ಟರ್, ಜನ ಹಲ್ಲಿನ ಪಾಚಿ ಅನ್ನುವುದು. ಜೊಲ್ಲುನಾಳ ನಾಲಿಗೆಯ ಕೆಳಗೆ ತೆರೆದುಕೊಳ್ಳುವುದರಿಂದ ಕೆಳಗಿನ ಮುಂಹಲ್ಲಿನ ಒಳಗೆ ಇದು ಬೇಗ ಕಟ್ಟುತ್ತದೆ. ಎಂಥ ಬ್ರಶ್‌ನಿಂದಲೂ ಇದು ಹೋಗುವುದಿಲ್ಲ, ಅದರ ಒರಟು ಮೈಮೇಲೆ ಹೊಸ ಪ್ಲೇಕ್ ಕೂರುತ್ತಲೇ ಇರುತ್ತದೆ. ಮೇಷ್ಟ್ರು ದಂತವೈದ್ಯರ ಹತ್ತಿರ ಕ್ಲೀನಿಂಗ್ ಮಾಡಿಸಬೇಕು. ಮಾಡಿಸಿದ ಮೇಲೂ ಇದೇ ರೀತಿ ಉಜ್ಜುತ್ತಿದ್ದರೆ ಅಲ್ಲೂ ರಕ್ತ ನಿಲ್ಲುತ್ತದೆ. ಉಜ್ಜುವ ರೀತಿ ಬದಲಿಸದೆ ಕ್ಲೀನಿಂಗ್ ಮಾತ್ರ ಮಾಡಿಸಿದ್ದರೆ ಕೆಲವೇ ವಾರದಲ್ಲಿ ರಕ್ತ ಮತ್ತೆ ಶುರುವಾಗುತ್ತಿತ್ತು.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದಿ ಬಿಡುತ್ತದೆ ಅಂತಾರಲ್ಲ?

ಸಂದಿ ಕ್ಲೀನಿಂಗ್‌ನಿಂದ ಆದದ್ದಲ್ಲ. ಊದಿದ ವಸಡು ಮತ್ತು ಪಾಚಿ ಸೇರಿ ಆ ಜಾಗವನ್ನು ತುಂಬಿಕೊಂಡಿದ್ದವು. ಪಾಚಿ ಹೋಯಿತು, ಊತ ಇಳಿಯಿತು, ಮೊದಲೇ ಇದ್ದ ಜಾಗ ಕಾಣಿಸಿತು. ಪಾಚಿ ಜಾಸ್ತಿ ಇದ್ದವರಿಗೆ ಹಲ್ಲು ಅಲುಗಾಡುವ ಅನುಭವವೂ ಹೀಗೇ. ಒಳಗೆ ಮೂಳೆ ಮೊದಲೇ ಕರಗಿರುತ್ತದೆ, ಪಾಚಿಯ ಗೋಡೆ ಹಲ್ಲುಗಳನ್ನು ಕಟ್ಟಿಹಾಕಿರುತ್ತದೆ. ಕ್ಲೀನಿಂಗ್ ಆದ ಮೇಲೆ ಕೆಲವು ದಿನ ತಣ್ಣೀರಿಗೆ ಜುಮ್ಮೆನ್ನುವುದು ಸಹಜ, ಸಾಮಾನ್ಯವಾಗಿ ತಾನಾಗಿ ಕಡಿಮೆಯಾಗುತ್ತದೆ.

ವಸಡಿನ ಊತ ಒಳಗೆ ಇಳಿದಿದೆ ಅಂತ ಹೇಗೆ ಗೊತ್ತಾಗುತ್ತದೆ?

ಜಿಂಜಿವೈಟಿಸ್‌ನಲ್ಲಿ ವಸಡು ಮಾತ್ರ ಊದಿರುತ್ತದೆ, ಪೂರ್ತಿ ಸರಿಹೋಗುತ್ತದೆ. ಅದು ವರ್ಷಗಟ್ಟಲೆ ಹಾಗೇ ಉಳಿದರೆ ಕೆಲವರಲ್ಲಿ ಹಲ್ಲನ್ನು ಹಿಡಿದಿರುವ ಮೂಳೆ ಕರಗಲು ಶುರುವಾಗುತ್ತದೆ. ಇದು ಪೆರಿಯೊಡಾಂಟೈಟಿಸ್. ಕರಗಿದ ಮೂಳೆ ಹೆಚ್ಚಾಗಿ ವಾಪಸ್ ಬರುವುದಿಲ್ಲ, ಇನ್ನು ಮುಂದೆ ಕರಗದಂತೆ ತಡೆಯಬಹುದು ಅಷ್ಟೇ.

ಹಲ್ಲು ಉದ್ದವಾದಂತೆ ಕಾಣುವುದು, ಮುಂದಿನ ಹಲ್ಲುಗಳು ಹೊಸದಾಗಿ ಬೀಸಣಿಗೆಯಂತೆ ಅಗಲುವುದು, ಒತ್ತಿದರೆ ವಸಡಿನಿಂದ ಕೀವು ಬರುವುದು, ಗಟ್ಟಿ ಪದಾರ್ಥ ಕಚ್ಚಿದಾಗ ಹಲ್ಲು ಅಲುಗುವುದು, ಎಷ್ಟು ಉಜ್ಜಿದರೂ ಬಾಯಿ ವಾಸನೆ. ಇವುಗಳಲ್ಲಿ ಒಂದಿದ್ದರೂ ಎರಡು ವಾರ ಕಾದು ನೋಡುವುದು ಬೇಡ, ನೇರವಾಗಿ ಹೋಗಿ. ದಂತವೈದ್ಯರು ಗುರುತು ಹಾಕಿದ ತೆಳು ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಆಳ ಅಳೆಯುತ್ತಾರೆ. 3 ಮಿಲಿಮೀಟರ್ ತನಕ ಸಾಮಾನ್ಯ. 4 ದಾಟಿ, ಜೊತೆಗೆ ರಕ್ತವೂ ಇದ್ದರೆ ಎಕ್ಸ್‌ರೇ ತೆಗೆದು ಮೂಳೆ ನೋಡಬೇಕಾಗುತ್ತದೆ.

ನಾನು ಸಿಗರೇಟು ಸೇದುತ್ತೇನೆ, ರಕ್ತ ಬರುವುದಿಲ್ಲ. ವಸಡು ಚೆನ್ನಾಗಿದೆ ಅಲ್ವಾ?

ಹಾಗೆ ಹೇಳಲು ಬರುವುದಿಲ್ಲ. ಸೇದುವವರ ವಸಡಿನಲ್ಲಿ ರಕ್ತ ಜಿನುಗುವುದು ಕಡಿಮೆ, ಊತವೂ ಕೆಂಪೂ ಅಷ್ಟು ಕಾಣುವುದಿಲ್ಲ, ಒಳಗೆ ಮೂಳೆ ಮಾತ್ರ ಬೇರೆಯವರಿಗಿಂತ ವೇಗವಾಗಿ ಕರಗುತ್ತಿರುತ್ತದೆ. ಹಾಗಾಗಿ ಸೇದುವವರು ರಕ್ತಕ್ಕಾಗಿ ಕಾಯದೆ ವರ್ಷಕ್ಕೊಮ್ಮೆಯಾದರೂ ಆಳ ಅಳೆಸಿಕೊಳ್ಳಬೇಕು. ಸಿಗರೇಟು ಬಿಟ್ಟ ಹೊಸದರಲ್ಲಿ ವಸಡಿನಲ್ಲಿ ರಕ್ತ ಕಾಣಿಸಿಕೊಂಡರೆ ಬಿಟ್ಟದ್ದೇ ತಪ್ಪಾಯಿತು ಎಂದುಕೊಳ್ಳಬೇಡಿ. ಮುಚ್ಚಿಕೊಂಡಿದ್ದ ಊತ ಹೊರಗೆ ಕಾಣುತ್ತಿದೆ.

ಒಂದೇ ಹಲ್ಲಿನ ಹತ್ತಿರ ರಕ್ತ ಬರುತ್ತದೆ, ಉಳಿದೆಲ್ಲ ಚೆನ್ನಾಗಿದೆ.

ಆ ಹಲ್ಲಿನಲ್ಲೇ ಏನೋ ಇದೆ. ಸಂದಿಯಲ್ಲಿ ಹುಳುಕು, ಅಂಚು ಹೊರಚಾಚಿದ ಫಿಲ್ಲಿಂಗ್, ಸರಿಯಾಗಿ ಕೂರದ ಕ್ಯಾಪ್, ದಿನಾ ಮಾಂಸದ ಎಳೆಯೋ ಸೊಪ್ಪೋ ಸಿಕ್ಕಿಕೊಳ್ಳುವ ಜಾಗ. ಇದು ಬ್ರಶ್‌ನಿಂದ ಸರಿಯಾಗದು, ಅದನ್ನೇ ರಿಪೇರಿ ಮಾಡಿಸಬೇಕು.

ಎಲೆ ಅಡಿಕೆ, ಗುಟ್ಕಾ, ಹೊಗೆಸೊಪ್ಪು ಹಾಕುವವರಿಗೆ ಒಂದು ಎಚ್ಚರಿಕೆ. ವಸಡಿನ ಮೇಲೆ ಅಥವಾ ಕೆನ್ನೆ-ವಸಡು ಸೇರುವಲ್ಲಿ ಹುಣ್ಣು, ಗಂಟು, ಬಿಳಿ ಇಲ್ಲವೇ ಕೆಂಪು ಮಚ್ಚೆ ಎರಡು ವಾರವಾದರೂ ಮಾಗದಿದ್ದರೆ, ಅದರಿಂದ ರಕ್ತ ಬರುತ್ತಿದ್ದರೆ, ತಕ್ಷಣ ತೋರಿಸಿ. ನೋವಿಲ್ಲದಿದ್ದರೂ ತೋರಿಸಿ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ.

ಮಗಳು ಈಗ ನಾಲ್ಕು ತಿಂಗಳ ಬಸುರಿ. ವಸಡು ಊದಿ ರಕ್ತ ಬರುತ್ತಿದೆ.

ಬಸಿರಲ್ಲಿ ಹಾರ್ಮೋನು ಏರುವುದರಿಂದ ಅದೇ ಸ್ವಲ್ಪ ಪ್ಲೇಕ್‌ಗೆ ವಸಡು ಜೋರಾಗಿ ಊದಿಕೊಳ್ಳುತ್ತದೆ. ಕೆಲವರಿಗೆ ಹಲ್ಲಿನ ಸಂದಿಯಿಂದ ಕೆಂಪು ಗಂಟೊಂದು ಎದ್ದು, ಮುಟ್ಟಿದರೆ ರಕ್ತ ಸುರಿಯುತ್ತದೆ. ಅದು ಕ್ಯಾನ್ಸರ್ ಅಲ್ಲ, ಹೆಚ್ಚಾಗಿ ಹೆರಿಗೆಯ ನಂತರ ಇಳಿಯುತ್ತದೆ. ವಾಂತಿ, ವಾಕರಿಕೆ ಇದ್ದಾಗ ಬ್ರಶ್ ಬಾಯಿಗೆ ಇಡಲೂ ಆಗುವುದಿಲ್ಲ ಎನ್ನುವವರು ಚಿಕ್ಕ ಮಕ್ಕಳ ಬ್ರಶ್ ಬಳಸಿ, ನೊರೆ ಕಡಿಮೆ ಬರುವಷ್ಟು ಚೂರೇ ಪೇಸ್ಟ್ ಹಾಕಿ ನೋಡಲಿ. ಬಸುರಿಯರಿಗೆ ಹಲ್ಲಿನ ಚಿಕಿತ್ಸೆ ಮಾಡಿಸಬಾರದು ಎಂಬ ಮಾತು ನಿಜವಲ್ಲ. ಕ್ಲೀನಿಂಗ್ ಮಾಡಿಸಬಹುದು, ನಾಲ್ಕರಿಂದ ಆರನೇ ತಿಂಗಳು ಅನುಕೂಲ. ನಿಮ್ಮ ಮಗಳಿಗೆ ಇದೇ ಸರಿಯಾದ ಹೊತ್ತು.

ಶುಗರ್, ಬಿಪಿ, ಹಾರ್ಟಿನ ಮಾತ್ರೆಗಳಿಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ವಸಡಿನ ಕಾಯಿಲೆ ಬೇಗ ಬರುತ್ತದೆ, ಜೋರಾಗಿ ಬರುತ್ತದೆ. ತಿರುಗಿಯೂ ಹಾಗೇ, ವಸಡಿಗೆ ಚಿಕಿತ್ಸೆ ಮಾಡಿಸಿದರೆ ಶುಗರ್ ಸ್ವಲ್ಪ ಹತೋಟಿಗೆ ಬರುತ್ತದೆ. ನಲವತ್ತು ದಾಟಿದವರಿಗೆ ಚೆನ್ನಾಗಿ ಉಜ್ಜಿದರೂ ವಸಡು ಪದೇ ಪದೇ ಊದಿ ಕೀವಾಗುತ್ತಿದ್ದರೆ ಒಮ್ಮೆ ಶುಗರ್ ಪರೀಕ್ಷೆ ಮಾಡಿಸಿ.

ಬಿಪಿಗೆ ಕೊಡುವ ಆಮ್ಲೋಡಿಪಿನ್, ಫಿಟ್ಸ್‌ಗೆ ಕೊಡುವ ಫೆನಿಟೊಯಿನ್ ತರಹದ ಮಾತ್ರೆಗಳಿಂದ ಕೆಲವರ ವಸಡು ದಪ್ಪವಾಗಿ ಹಲ್ಲಿನ ಮೇಲೇರುತ್ತದೆ. ಹಾರ್ಟಿಗೆ, ಸ್ಟ್ರೋಕ್‌ಗೆ ಕೊಡುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ತಗೊಳ್ಳುವವರಿಗೆ ರಕ್ತ ನಿಲ್ಲಲು ಸಮಯ ಹಿಡಿಯುತ್ತದೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ವಸಡಿನ ರಕ್ತಕ್ಕೆ ಹೆದರಿ ಹಾರ್ಟಿನ ಮಾತ್ರೆ ಬಿಟ್ಟರೆ ಪ್ರಾಣಕ್ಕೇ ಕುತ್ತು. ಬರೆದುಕೊಟ್ಟ ಡಾಕ್ಟರಿಗೆ ಹೇಳಿ, ಬದಲಿಸುವುದಿದ್ದರೆ ಅವರು ಬದಲಿಸುತ್ತಾರೆ. ವಾರ್ಫರಿನ್‌ನವರು ಹಠಾತ್ತಾಗಿ ರಕ್ತ ಜಾಸ್ತಿಯಾದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆಗೆ ಅವತ್ತೇ ಹೋಗಬೇಕು.

ವಿಟಮಿನ್ ಸಿ ಕಡಿಮೆಯಾಗಿರಬಹುದಾ? ಮಾತ್ರೆ ತಗೊಳ್ಳಲಾ?

ವಿಟಮಿನ್ ಸಿ ತೀರಾ ಕಡಿಮೆಯಾದರೆ ಸ್ಕರ್ವಿ ಬರುತ್ತದೆ, ವಸಡು ಊದಿ ರಕ್ತ ಸೋರುತ್ತದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಕಾಯಿಲೆ ಬಿದ್ದ ನಾವಿಕರಿಗೆ ಕಿತ್ತಳೆ, ನಿಂಬೆ ಕೊಟ್ಟು ಗುಣವಾಗುವುದನ್ನು ತೋರಿಸಿದ್ದ. ದಿನಾ ನಿಂಬೆಹಣ್ಣು, ಸೀಬೆ, ನೆಲ್ಲಿಕಾಯಿ, ಸೊಪ್ಪು ತಿನ್ನುವ ಮನೆಯಲ್ಲಿ ಇದು ಅಪರೂಪ. ಒಂಟಿಯಾಗಿದ್ದು ಬರೀ ಗಂಜಿ, ಬಿಸ್ಕತ್ತು, ಹಾಲಿನಲ್ಲೇ ದಿನ ಕಳೆಯುವ ಹಿರಿಯರು, ವಿಪರೀತ ಕುಡಿಯುವವರಲ್ಲಿ ಅನುಮಾನಿಸಬೇಕು. ಅವರಿಗೆ ಕಾಲಿನ ಚರ್ಮದಲ್ಲಿ ಕೂದಲಿನ ಬುಡಕ್ಕೆ ಸಣ್ಣ ಕೆಂಪು ಚುಕ್ಕೆಗಳೂ ಕಾಣುತ್ತವೆ. ಉಳಿದವರಿಗೆ ಈ ಮಾತ್ರೆಯಿಂದ ಪ್ಲೇಕ್ ಕರಗುವುದಿಲ್ಲ.

ಯಾವಾಗ ಇದು ಹಲ್ಲಿನ ವಿಷಯವೇ ಅಲ್ಲ ಎಂದು ತಿಳಿಯಬೇಕು?

ಬ್ರಶ್ ತಾಗಿದಾಗ ಬರುವ ರಕ್ತಕ್ಕೂ, ತಾನಾಗಿ ಸುರಿಯುವ ರಕ್ತಕ್ಕೂ ಬಹಳ ವ್ಯತ್ಯಾಸ ಇದೆ. ಸುಮ್ನೆ ಕೂತಿದ್ದಾಗ ಬಾಯಲ್ಲಿ ರಕ್ತದ ರುಚಿ, ಬೆಳಿಗ್ಗೆ ದಿಂಬಿನ ಮೇಲೆ ಕಲೆ, ಹತ್ತಿ ಒತ್ತಿ ಹಿಡಿದರೂ ಹತ್ತು-ಹದಿನೈದು ನಿಮಿಷದಲ್ಲಿ ನಿಲ್ಲದಿರುವುದು. ಇಂಥದ್ದು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಜ್ವರದ ಜೊತೆ ಬಂದರೆ ಇನ್ನೂ ಎಚ್ಚರ. ಮಳೆಗಾಲದಲ್ಲಿ ಮೊದಲು ನೆನಪಿಗೆ ಬರಬೇಕಾದದ್ದು ಡೆಂಗಿ. ಅದರಲ್ಲಿ ಪ್ಲೇಟ್‌ಲೆಟ್ ಇಳಿದು ವಸಡು, ಮೂಗಿನಿಂದ ರಕ್ತ ಬರಬಹುದು, ಇದು ಅಪಾಯದ ಸೂಚನೆ. ಜ್ವರ ಬಿಟ್ಟಿತಲ್ಲ ಎಂದು ಮನೆಯವರು ಸಮಾಧಾನಪಡುವ ಹೊತ್ತಿಗೇ, ಅಂದರೆ ಮೂರರಿಂದ ಏಳನೇ ದಿನದ ನಡುವೆ, ಇದು ಕಾಣಿಸಿಕೊಳ್ಳುತ್ತದೆ. ಡೆಂಗಿಯ ಅನುಮಾನವಿದ್ದರೆ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು. ಮಲೆನಾಡಿನ ಕಡೆ ಚಳಿಗಾಲದಿಂದ ಬೇಸಿಗೆಯ ತನಕ ಕಾಡಿಗೆ, ಒಣ ಎಲೆಯ ದರಗು ತರಲು ಹೋಗಿ ಬಂದವರಿಗೆ ಜೋರು ಜ್ವರ, ಮೈಕೈ ನೋವಿನ ಜೊತೆ ವಸಡಿನಲ್ಲಿ ರಕ್ತ ಬಂದರೆ ಮಂಗನ ಕಾಯಿಲೆ ಇರಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಉಣ್ಣೆ ಹುಳುಗಳಿಂದ ಹರಡುತ್ತದೆ. ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಹಾವು ಕಚ್ಚಿದವರ ವಸಡಿನಲ್ಲಿ ರಕ್ತ ಕಾಣಿಸಿದರೆ ಕೊಳಕುಮಂಡಲದಂಥ ಹಾವಿನ ವಿಷ ರಕ್ತಕ್ಕೆ ಸೇರಿದೆ ಎಂದು ಅರ್ಥ. ಮಂತ್ರ, ನಾಟಿ ಮದ್ದು ಎನ್ನುತ್ತಾ ಒಂದು ನಿಮಿಷವನ್ನೂ ಕಳೆಯಬೇಡಿ, ಆಂಟಿವೆನಮ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನೊಂದು ಅಪರೂಪ, ಆದರೆ ತಡ ಮಾಡಬಾರದ್ದು. ಕೆಲವು ವಾರದಲ್ಲೇ ವಸಡು ಎಲ್ಲಾ ಕಡೆ ದಪ್ಪವಾಗಿ ಊದಿ, ಮುಖ ಬಿಳಿಚಿ, ಸುಸ್ತು, ಬಿಟ್ಟು ಬಿಟ್ಟು ಜ್ವರ, ಪೆಟ್ಟೇ ಬೀಳದೆ ಮೈಮೇಲೆ ನೀಲಿ ಕಲೆ. ಇದು ರಕ್ತದ ಕ್ಯಾನ್ಸರಿನ ಲಕ್ಷಣ ಇರಬಹುದು. ಇಂಥವರಿಗೆ ಮೊದಲು ಬೇಕಾದದ್ದು ಕ್ಲೀನಿಂಗ್ ಅಲ್ಲ, ಸಿಬಿಸಿ ಎಂಬ ಸಾಮಾನ್ಯ ರಕ್ತಪರೀಕ್ಷೆ. ಯಾವ ಲ್ಯಾಬಿನಲ್ಲಾದರೂ ಆಗುತ್ತದೆ.

ಡಾಕ್ಟರ ಹತ್ತಿರ ಹೋದಾಗ ಏನೇನು ಹೇಳಬೇಕು?

ರಕ್ತ ಯಾವಾಗಿನಿಂದ, ಬ್ರಶ್ ತಾಗಿದಾಗ ಮಾತ್ರವೋ ತಾನಾಗಿಯೋ, ಯಾವ ಕಡೆ. ತಗೊಳ್ಳುವ ಎಲ್ಲಾ ಮಾತ್ರೆಗಳ ಚೀಟಿ ಒಯ್ಯಿರಿ, ನಾಟಿ ಔಷಧಿಯಿದ್ದರೆ ಅದನ್ನೂ ಹೇಳಿ. ಶುಗರ್, ಬಸಿರು, ಸಿಗರೇಟು, ಎಲೆ ಅಡಿಕೆ ಯಾವುದನ್ನೂ ಮುಚ್ಚಿಡಬೇಡಿ. ಹಿಂದೆ ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಒದ್ದಾಡಿದ್ದರೆ ಅದನ್ನು ಮೊದಲೇ ಹೇಳಿ. ದೊಡ್ಡ ಊರಿನ ಸರ್ಕಾರಿ ದಂತ ಕಾಲೇಜುಗಳಲ್ಲಿ ವಸಡಿಗೇ ಬೇರೆ ವಿಭಾಗ ಇರುತ್ತದೆ, ತಾಲ್ಲೂಕು ಆಸ್ಪತ್ರೆಗಳಲ್ಲೂ ದಂತವೈದ್ಯರು ಇರುತ್ತಾರೆ. ಹೋಗುವ ದಿನ ನಿಮ್ಮ ಬ್ರಶ್ಶನ್ನೂ ಜೊತೆಗೆ ಒಯ್ದು, ಹೇಗೆ ಉಜ್ಜುತ್ತೀರಿ ಎಂದು ಅವರ ಮುಂದೆಯೇ ಮಾಡಿ ತೋರಿಸಿ. ಕೈ ಎಲ್ಲಿ ತಪ್ಪುತ್ತಿದೆ ಎಂದು ಅವರು ಅಲ್ಲೇ ಹಿಡಿದು ತಿದ್ದುತ್ತಾರೆ.